ಡೆಲಿವರಿ ಬೈಕಿಗೆ ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ನನ್ನ ಗ್ಯಾರೇಜಿಗೆ ಬಂದ. ಉಡುಪಿ–ಮಣಿಪಾಲ ನಡುವೆ ಊಟದ ಡೆಲಿವರಿ ಮಾಡುವವನು. 125 ಸಿಸಿ ಬೈಕ್, ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಮೀಟರ್‌ನಲ್ಲಿ ಮಾತ್ರ 39,000 ಕಿ.ಮೀ. ದಾಟಿತ್ತು.

"ಅಣ್ಣ, ಗೇರ್ ಬೀಳುದೇ ಇಲ್ಲ. ಸಿಗ್ನಲಲ್ಲಿ ನಿಂತ್ರೆ ನ್ಯೂಟ್ರಲ್ ಸಿಗುದಿಲ್ಲ. ಕ್ಲಚ್ ಪ್ಲೇಟ್ ಹೋಯ್ತಾ ಅಂತ" ಎಂದ.

ಕ್ಲಚ್ ಬಿಚ್ಚುವ ಮೊದಲು ನಾನು ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ ಆಯಿಲ್ ಕಡ್ಡಿ ತೆಗೆದು ನೋಡಿದೆ. ಕಡ್ಡಿಯ ತುದಿಗೂ ಆಯಿಲ್ ತಾಗಿರಲಿಲ್ಲ. ಇಂಜಿನ್ ಬಿಸಿ ಇರುವಾಗಲೇ ಅಳತೆಯ ಜಗ್ಗಿಗೆ ಆಯಿಲ್ ಇಳಿಸಿದೆ. ಬಂದದ್ದು 430 ಮಿ.ಲೀ. ಆ ಬೈಕಿಗೆ ಆಯಿಲ್ ಬದಲಿಸುವಾಗ ಹಾಕಬೇಕಾದದ್ದು 900 ಮಿ.ಲೀ. ಅರ್ಧಕ್ಕಿಂತ ಜಾಸ್ತಿ ಕಾಣೆಯಾಗಿತ್ತು. ಎಲ್ಲೂ ಲೀಕ್ ಇರಲಿಲ್ಲ.

"ಆಯಿಲ್ ಯಾವಾಗ ಚೇಂಜ್ ಮಾಡಿಸಿದ್ದು?"

"ಮೂರು ತಿಂಗಳು ಆಗ್ಲಿಲ್ಲ ಅಣ್ಣ. ನಾನು ಕರೆಕ್ಟ್ ಟೈಮಿಗೆ ಮಾಡಿಸ್ತೇನೆ."

ಅವನು ಹೇಳಿದ್ದು ನಿಜ. ಹಳೆಯ ಬಿಲ್ ತೋರಿಸಿದ. ಬಿಲ್ಲಿನ ಮೇಲೆ ಬರೆದಿದ್ದ ಕಿಲೋಮೀಟರನ್ನು ಈಗಿನ ಮೀಟರಿನಿಂದ ಕಳೆದರೆ 9,400 ಬಂತು. ದಿನಕ್ಕೆ 130 ಕಿ.ಮೀ., ತಿಂಗಳಿಗೆ 26 ದಿನ ಎಂದರೆ ತಿಂಗಳಿಗೆ 3,380 ಕಿ.ಮೀ. ಆಗುತ್ತದೆ. ಆಫೀಸಿಗೆ ಹೋಗಿ ಬರುವವರು ವರ್ಷವಿಡೀ ಓಡಿಸುವಷ್ಟು ದೂರವನ್ನು ಈ ಹುಡುಗ ಎರಡು–ಮೂರು ತಿಂಗಳಲ್ಲಿ ಮುಗಿಸುತ್ತಾನೆ. ಅವನಿಗೆ ಕ್ಯಾಲೆಂಡರ್ ಉಪಯೋಗಕ್ಕೆ ಬರುವುದಿಲ್ಲ.

ಬೈಕಿನ ಜೊತೆ ಕೊಡುವ ಪುಸ್ತಕದಲ್ಲಿ ಸರ್ವಿಸ್ ಅವಧಿಯನ್ನು ಇಷ್ಟು ಕಿ.ಮೀ. ಅಥವಾ ಇಷ್ಟು ದಿನ, ಯಾವುದು ಮೊದಲೋ ಅದು ಎಂದು ಬರೆದಿರುತ್ತಾರೆ. ಕೊನೆಯ ಆ ಮೂರು ಪದಗಳೇ ಡೆಲಿವರಿ ಮಾಡುವವರಿಗೆ ಮುಖ್ಯ. ನಮ್ಮ ಮನೆಗಳಲ್ಲಿ ಎಲ್ಲರೂ ದಿನದ ಲೆಕ್ಕದಲ್ಲಿ ಗಾಡಿ ನೋಡಿಕೊಂಡವರು. ಅಪ್ಪ ಮೂರು ತಿಂಗಳಿಗೊಮ್ಮೆ ಸರ್ವಿಸ್‌ಗೆ ಬಿಡುತ್ತಿದ್ದರು, ಮಗನೂ ಹಾಗೇ ಬಿಡುತ್ತಾನೆ. ಅಪ್ಪ ಆ ಮೂರು ತಿಂಗಳಲ್ಲಿ ಸಾವಿರ ಕಿ.ಮೀ. ಓಡಿಸುತ್ತಿದ್ದರು ಅನ್ನುವುದು ಮಗನಿಗೆ ನೆನಪಾಗುವುದಿಲ್ಲ.

ಈಗ ಕಾಣೆಯಾದ ಆಯಿಲಿನ ವಿಷಯ. 470 ಮಿ.ಲೀ. ಎಲ್ಲಿ ಹೋಯಿತು? ಇಂಜಿನ್ ಅದನ್ನು ಸುಟ್ಟಿತು. ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಸಿಲಿಂಡರ್ ಗೋಡೆಯ ಮೇಲೆ ತೆಳ್ಳಗೆ ಒಂದು ಪದರ ಆಯಿಲ್ ಉಳಿಯುತ್ತದೆ. ಆ ಪದರ ಇಲ್ಲದಿದ್ದರೆ ಪಿಸ್ಟನ್ನಿನ ರಿಂಗ್ ಗೋಡೆಯನ್ನು ಗೀರಿಬಿಡುತ್ತದೆ. ಅದರಲ್ಲಿ ಸ್ವಲ್ಪ ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಇನ್ನು ಸ್ವಲ್ಪ ಆವಿಯಾಗಿ, ಇಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಹೋಗುತ್ತದೆ. ಇದು ಎಲ್ಲಾ ಇಂಜಿನ್‌ಗಳಲ್ಲೂ ಇರುವುದೇ. ಇವನ ಬೈಕಿನಲ್ಲಿ 9,400 ಕಿ.ಮೀ.ಗೆ 470 ಮಿ.ಲೀ. ಹೋಗಿದೆ, ಅಂದರೆ ಸಾವಿರ ಕಿ.ಮೀ.ಗೆ 50 ಮಿ.ಲೀ. ಒಂದು ಸಣ್ಣ ಚಹಾ ಗ್ಲಾಸಿನ ಅರ್ಧ. ಇಷ್ಟಕ್ಕೆ ಇಂಜಿನ್ ಹಾಳಾಗಿದೆ ಎಂದು ಯಾರೂ ಹೇಳುವುದಿಲ್ಲ.

ತೊಂದರೆ ಇರುವುದು ಒಟ್ಟು ಆಯಿಲ್ ಕಡಿಮೆ ಇರುವುದರಲ್ಲಿ. ಕಾರಿನಲ್ಲಿ ಮೂರು–ನಾಲ್ಕು ಲೀಟರ್ ಇರುತ್ತದೆ. ಅದರಲ್ಲಿ ಅರ್ಧ ಲೀಟರ್ ಹೋದರೆ ಗೊತ್ತೂ ಆಗುವುದಿಲ್ಲ. ಬೈಕಿನಲ್ಲಿ ಇರುವುದೇ ಒಂದು ಲೀಟರಿನ ಒಳಗೆ. ನಾನು ಆ ಬೈಕಿನ ಕಡ್ಡಿಯ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಎಷ್ಟು ಆಯಿಲ್ ಹಿಡಿಯುತ್ತದೆ ಎಂದು ಅಳೆದು ನೋಡಿದೆ, ಸುಮಾರು 200 ಮಿ.ಲೀ. ಸಾವಿರಕ್ಕೆ 50ರಂತೆ ಹೋದರೆ 4,000 ಕಿ.ಮೀ.ಗೆ ಕೆಳಗಿನ ಗೆರೆ ಮುಟ್ಟುತ್ತದೆ. ಅಲ್ಲಿಂದ ಮುಂದೆ ಇನ್ನೂ 5,400 ಕಿ.ಮೀ. ಅವನು ಕೆಳಗಿನ ಗೆರೆಗಿಂತ ಕಡಿಮೆ ಆಯಿಲಿನಲ್ಲಿ ಓಡಿಸಿದ್ದ.

ಆಯಿಲ್ ಪಂಪ್ ಇಂಜಿನ್ನಿನ ತಳದಿಂದ ಎಳೆದು ಮೇಲಕ್ಕೆ ಕಳಿಸುತ್ತದೆ. ಎಲ್ಲಕ್ಕಿಂತ ಕೊನೆಗೆ ಆಯಿಲ್ ಸಿಗುವುದು ಇಂಜಿನ್ನಿನ ಮೇಲ್ತುದಿಯಲ್ಲಿದ್ದು ವಾಲ್ವ್ ತೆರೆಯುವ ಕ್ಯಾಮ್ ಮತ್ತು ರಾಕರ್‌ಗೆ. ತಳದಲ್ಲಿ ಆಯಿಲ್ ಕಡಿಮೆ ಇದ್ದಾಗ ಏರು ಹತ್ತಿದರೆ ಇದ್ದ ಆಯಿಲ್ ಹಿಂದಕ್ಕೆ ಸರಿಯುತ್ತದೆ, ಪಂಪ್ ಒಮ್ಮೊಮ್ಮೆ ಗಾಳಿ ಎಳೆಯುತ್ತದೆ. ಇಂದ್ರಾಳಿಯಿಂದ ಲಕ್ಷ್ಮೀಂದ್ರನಗರ ದಾಟಿ ಮಣಿಪಾಲದ ಟೈಗರ್ ಸರ್ಕಲ್‌ಗೆ ಹೋಗುವ ಏರು ನಿಮಗೆ ಗೊತ್ತಲ್ವಾ? ಇವನು ದಿನಕ್ಕೆ ಹತ್ತು ಹದಿನೈದು ಸಲ ಆ ಏರು ಹತ್ತುತ್ತಾನೆ.

ಹಾಗಾಗಿ ಯಾರು ಬಂದು ಕೇಳಿದರೂ ನಾನು ಮೊದಲು ಹೇಳುವುದು ಬದಲಿಸುವ ಅವಧಿಯನ್ನಲ್ಲ, ಕಡ್ಡಿ ನೋಡುವುದನ್ನು. ಸಾವಿರ ಕಿ.ಮೀ.ಗೆ ಒಮ್ಮೆ, ಅಂದರೆ ಇಂಥವರಿಗೆ ಹೆಚ್ಚುಕಡಿಮೆ ಎಂಟು ದಿನಕ್ಕೊಮ್ಮೆ. ಬೈಕ್ ಸಮನಾದ ನೆಲದಲ್ಲಿ ಡಬಲ್ ಸ್ಟ್ಯಾಂಡಿನ ಮೇಲೆ ಇರಬೇಕು. ಇಂಜಿನ್ ಮೂರು–ನಾಲ್ಕು ನಿಮಿಷ ಓಡಿಸಿ, ನಿಲ್ಲಿಸಿ, ಇನ್ನೂ ಎರಡು–ಮೂರು ನಿಮಿಷ ಬಿಡಬೇಕು. ಆಯಿಲ್ ಕೆಳಗಿಳಿಯಲಿ. ಆಮೇಲೆ ಕಡ್ಡಿ ಒರೆಸಿ ಹಾಕಿ ನೋಡಬೇಕು. ಕೆಲವು ಬೈಕುಗಳಲ್ಲಿ ಕಡ್ಡಿಯನ್ನು ತಿರುಪದೆ ಸುಮ್ನೆ ಇಟ್ಟು ನೋಡಬೇಕು, ಕೆಲವದರಲ್ಲಿ ಪೂರ್ತಿ ತಿರುಪಿ ನೋಡಬೇಕು. ಇದನ್ನು ತಪ್ಪು ಮಾಡಿದರೆ ಅಳತೆಯೇ ತಪ್ಪುತ್ತದೆ, ಪುಸ್ತಕದಲ್ಲಿ ಚಿತ್ರ ಇರುತ್ತದೆ, ಒಮ್ಮೆ ನೋಡಿಕೊಳ್ಳಿ. ಗಾಜಿನ ಕಿಟಕಿ ಇರುವ ಬೈಕಾದರೆ ಕೆಲಸ ಇನ್ನೂ ಸುಲಭ. ಕೆಳಗಿನ ಗೆರೆಗೆ ಹತ್ತಿರ ಬಂದಿದ್ದರೆ ಅದೇ ಆಯಿಲ್ 100 ಮಿ.ಲೀ. ಹಾಕಿ. ಬಾಟಲಿಯಲ್ಲಿ ಉಳಿದದ್ದನ್ನು ಮುಚ್ಚಳ ಗಟ್ಟಿ ಮಾಡಿ ಇಟ್ಟುಕೊಂಡರೆ ಇದಕ್ಕೇ ಆಗುತ್ತದೆ.

ಆಯಿಲ್ ಮಟ್ಟ ಸರಿ ಇದ್ದರೂ ಆಯಿಲ್ ಸವೆಯುತ್ತದೆ. ಬೈಕಿನ ಆಯಿಲಿಗೆ ಕಾರಿನ ಆಯಿಲಿಗಿಲ್ಲದ ಎರಡು ಕೆಲಸ ಜಾಸ್ತಿ. ಇಂಜಿನ್ನಿನಲ್ಲಿ ಓಡುವ ಅದೇ ಆಯಿಲ್ ಕ್ಲಚ್ ಪ್ಲೇಟುಗಳನ್ನೂ ನೆನೆಸಬೇಕು, ಗೇರುಗಳ ಹಲ್ಲಿನ ನಡುವೆಯೂ ನಿಲ್ಲಬೇಕು. ಬಾಟಲಿಯ ಮೇಲೆ 10ಡಬ್ಲ್ಯು-30 ಎಂದು ಬರೆದಿರುತ್ತದೆ. ಅದರಲ್ಲಿ ಎರಡನೆಯ ಅಂಕಿ ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಇರುತ್ತದೆ ಎನ್ನುವುದನ್ನು ಹೇಳುತ್ತದೆ. ತಣ್ಣಗಿದ್ದಾಗ ಸುಲಭವಾಗಿ ಹರಿಯಬೇಕು, ಬಿಸಿಯಾದಾಗ ತೀರಾ ನೀರಾಗಬಾರದು. ಈ ಎರಡನ್ನೂ ಒಟ್ಟಿಗೆ ತರಲು ಆಯಿಲ್ ಮಾಡುವವರು ಅದಕ್ಕೆ ಉದ್ದುದ್ದ ಪಾಲಿಮರ್ ಎಳೆಗಳನ್ನು ಸೇರಿಸುತ್ತಾರೆ. ಬಿಸಿಯಾದಾಗ ಆ ಎಳೆಗಳು ಬಿಚ್ಚಿಕೊಂಡು ಆಯಿಲನ್ನು ದಪ್ಪ ಉಳಿಸುತ್ತವೆ. ಗೇರಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿ ತಿರುಗುವಾಗ ನಡುವೆ ಸಿಕ್ಕ ಈ ಎಳೆಗಳು ತುಂಡಾಗುತ್ತವೆ. ಒಮ್ಮೆ ತುಂಡಾದರೆ ಮತ್ತೆ ಕೂಡುವುದಿಲ್ಲ. ಅಕ್ಕಿ ಗಂಜಿ ಮಿಕ್ಸಿಯಲ್ಲಿ ತಿರುಗಿಸಿದರೆ ತೆಳ್ಳಗಾಗುತ್ತದಲ್ಲ, ಹಾಗೇ. 30 ಎಂದು ಕೊಂಡ ಆಯಿಲ್ ಕೆಲವು ಸಾವಿರ ಕಿ.ಮೀ. ಆದ ಮೇಲೆ 30 ಆಗಿ ಉಳಿದಿರುವುದಿಲ್ಲ.

ಇದು ನಮಗೆ ಮೊದಲು ತಿಳಿಯುವುದು ಎಡಗಾಲಿನಲ್ಲಿ. ಗೇರ್ ಹಾಕುವಾಗ ಮೆತ್ತಗೆ ಕೂರುತ್ತಿದ್ದದ್ದು ಟಕ್ ಎಂದು ಬೀಳಲು ಶುರುವಾಗುತ್ತದೆ. ನಿಂತಲ್ಲಿ ನ್ಯೂಟ್ರಲ್ ಹುಡುಕಬೇಕಾಗುತ್ತದೆ. ಬಿಸಿ ಇಂಜಿನ್ನಿನ ಸದ್ದು ಸ್ವಲ್ಪ ಒಣ ಒಣವಾಗುತ್ತದೆ. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಒಳ್ಳೆಯ ಆಯಿಲ್ ಇಂಜಿನ್ನಿನ ಒಳಗಿನ ಮಸಿಯನ್ನು ತನ್ನಲ್ಲಿ ಎತ್ತಿ ಹಿಡಿದುಕೊಳ್ಳುತ್ತದೆ, ಅದಕ್ಕೇ ಕಪ್ಪಾಗುತ್ತದೆ. ಸಾವಿರ ಕಿ.ಮೀ.ಗೇ ಕಪ್ಪಾಗಿದ್ದರೂ ಕೆಲಸ ಮಾಡುತ್ತಿರಬಹುದು. ಇನ್ನೂ ಕಂದು ಬಣ್ಣದಲ್ಲಿದ್ದರೂ ತೆಳ್ಳಗಾಗಿರಬಹುದು.

ಹಾಗಾದರೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಸಾಕಲ್ವಾ? ಇವನ ಬೈಕಿನ ಪುಸ್ತಕದಲ್ಲಿ 6,000 ಕಿ.ಮೀ. ಎಂದಿತ್ತು, ನಡುವೆ ಕಡಿಮೆಯಾದದ್ದನ್ನು ತುಂಬಿಸಿಕೊಳ್ಳಬೇಕು ಎಂದೂ ಇತ್ತು. ಆ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಬೈಕುಗಳ 6,000 ಕಿ.ಮೀ. ಒಂದೇ ಅಲ್ಲ.

ಒಬ್ಬರು ದಿನಾ ಕುಂದಾಪುರದಿಂದ ಉಡುಪಿಗೆ ಹೈವೇಯಲ್ಲಿ ಬರುತ್ತಾರೆ ಎಂದುಕೊಳ್ಳಿ. ಸರಾಸರಿ ಗಂಟೆಗೆ 45 ಕಿ.ಮೀ. 6,000 ಕಿ.ಮೀ. ಮುಗಿಯುವಾಗ ಅವರ ಇಂಜಿನ್ ಸುಮಾರು 133 ಗಂಟೆ ತಿರುಗಿರುತ್ತದೆ. ನಮ್ಮ ಹುಡುಗನ 130 ಕಿ.ಮೀ.ಗೆ ದಿನಕ್ಕೆ ಆರೂವರೆ ಗಂಟೆ ಇಂಜಿನ್ ಆನ್ ಇರುತ್ತದೆ. ಸರಾಸರಿ ಗಂಟೆಗೆ 20 ಕಿ.ಮೀ. ಅದೇ 6,000 ಕಿ.ಮೀ.ಗೆ ಅವನ ಇಂಜಿನ್ 300 ಗಂಟೆ ತಿರುಗಿರುತ್ತದೆ. ಕಲ್ಸಂಕ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತದ್ದು, ಹೋಟೆಲ್ ಎದುರು ಆರ್ಡರ್‌ಗೆ ಕಾಯುವಾಗ ಆಫ್ ಮಾಡದೆ ಬಿಟ್ಟದ್ದು, ಹಾಸ್ಟೆಲ್ ಗೇಟಿನಲ್ಲಿ ಫೋನ್ ಮಾಡುತ್ತಾ ನಿಂತದ್ದು ಯಾವುದೂ ಮೀಟರಿನಲ್ಲಿ ಬರುವುದಿಲ್ಲ. ಆದರೆ ಆ ಹೊತ್ತೆಲ್ಲಾ ಆಯಿಲ್ ಬಿಸಿಯಲ್ಲೇ ತಿರುಗುತ್ತಿರುತ್ತದೆ. ಈ ಬೈಕುಗಳ ಇಂಜಿನ್ ತಣಿಯುವುದು ಎದುರಿನ ಗಾಳಿಯಿಂದ. ನಿಂತರೆ ಗಾಳಿ ಇಲ್ಲ.

ಇನ್ನೊಂದು ವ್ಯತ್ಯಾಸ ಗೇರಿನದ್ದು. ಏರಿನಲ್ಲಿ, ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಲ್ಲಿ ಓಡಿಸಿದರೆ ಅದೇ ಒಂದು ಕಿಲೋಮೀಟರಿಗೆ ಇಂಜಿನ್ ಟಾಪ್ ಗೇರಿನಲ್ಲಿ ತಿರುಗುವುದರ ಹೆಚ್ಚುಕಡಿಮೆ ಎರಡರಷ್ಟು ಸಲ ತಿರುಗುತ್ತದೆ. ಎಳೆಗಳು ತುಂಡಾಗುವುದು ತಿರುಗಿದ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಿ ಅಲ್ಲ.

ಗಂಟೆ ಸಮ ಮಾಡಿದರೆ ಕುಂದಾಪುರದವರ 6,000 ಕಿ.ಮೀ.ಗೆ ಇವನ ಸುಮಾರು 2,700 ಕಿ.ಮೀ. ಸಮ ಎಂದಾಗುತ್ತದೆ. ಆದರೆ ಇದನ್ನು ಹಾಗೇ ತೆಗೆದುಕೊಂಡರೆ ಬೇಕಾದ್ದಕ್ಕಿಂತ ಸ್ವಲ್ಪ ಬೇಗ ಬದಲಿಸಿದ ಹಾಗಾಗುತ್ತದೆ. ನಿಂತಲ್ಲಿ ತಿರುಗುವ ಇಂಜಿನ್ ನಿಧಾನವಾಗಿ, ಭಾರ ಇಲ್ಲದೆ ತಿರುಗುತ್ತದೆ. ಅದರ ಒಂದು ಗಂಟೆ ಹೈವೇಯ ಒಂದು ಗಂಟೆಗೆ ಸಮ ಅಲ್ಲ. ಹಾಗಾಗಿ ಇಂಥ ಓಡಾಟಕ್ಕೆ ನಾನು 3,000 ಕಿ.ಮೀ. ಎಂದು ಇಟ್ಟುಕೊಂಡಿದ್ದೇನೆ. ಮಂಗಳೂರಿನಲ್ಲಿ ನಂತೂರು, ಪಂಪ್‌ವೆಲ್, ಹಂಪನಕಟ್ಟೆ ಎಂದು ಸುತ್ತುವವರಿಗೂ ಇದೇ ಲೆಕ್ಕ ಸರಿಹೋಗುತ್ತದೆ. ಸಂತೆಕಟ್ಟೆಯಿಂದ ಹೈವೇ ಹಿಡಿದು ಬ್ರಹ್ಮಾವರ, ಕಾಪು ಎಂದು ಪಾರ್ಸೆಲ್ ಕೊಡುವವರಾದರೆ 4,000 ತನಕ ಹೋಗಬಹುದು, ಕಡ್ಡಿ ನೋಡಿಕೊಳ್ಳುತ್ತಿದ್ದರೆ.

ಇದಕ್ಕಿಂತ ಕಡಿಮೆ ಮಾಡಬೇಕಾ? ಕೆಲವರು 1,000ಕ್ಕೆ, 1,500ಕ್ಕೆ ಬದಲಿಸುತ್ತಾರೆ. ಯಾರೋ ಹೆದರಿಸಿರುತ್ತಾರೆ. ನನಗೆ ಅದು ಬೇಡವೆನಿಸುತ್ತದೆ, ಕಾರಣವೂ ಇದೆ. ಆಯಿಲಿಗೆ ತುಂಬಾ ಕೆಟ್ಟ ಓಡಾಟ ಯಾವುದು ಗೊತ್ತಾ? ಮನೆಯಿಂದ ಎರಡು ಕಿ.ಮೀ. ದೂರದ ಅಂಗಡಿಗೆ ಹೋಗಿ ನಿಲ್ಲಿಸಿ, ಸಂಜೆ ಮತ್ತೆ ಎರಡು ಕಿ.ಮೀ. ಬರುವುದು. ತಣ್ಣಗಿನ ಇಂಜಿನ್ನಿನಲ್ಲಿ ಸ್ವಲ್ಪ ಪೆಟ್ರೋಲ್ ಸುಡದೆ ಆಯಿಲಿಗೆ ಇಳಿಯುತ್ತದೆ, ಉರಿದದ್ದರ ನೀರಿನ ಆವಿಯೂ ಒಳಗೇ ತಣಿದು ಸೇರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಓಡಿದರೆ ಇವೆರಡೂ ಆವಿಯಾಗಿ ಹೊರಗೆ ಹೋಗುತ್ತವೆ. ಡೆಲಿವರಿ ಬೈಕ್ ಬೆಳಿಗ್ಗೆ ಒಮ್ಮೆ ಬಿಸಿಯಾದರೆ ರಾತ್ರಿಯವರೆಗೆ ತಣಿಯುವುದಿಲ್ಲ. ಆ ಮಟ್ಟಿಗೆ ದಿನವಿಡೀ ಓಡುವ ಬೈಕಿನ ಆಯಿಲ್ ಮನೆಯ ಬೈಕಿನದಕ್ಕಿಂತ ಶುದ್ಧವಾಗಿಯೇ ಇರುತ್ತದೆ. ದೂರ ಓಡುವುದೇ ಆಯಿಲನ್ನು ಹಾಳು ಮಾಡುವುದಿಲ್ಲ. ಗೇರು, ಏರು, ನಿಂತು ಕಾಯುವುದು, ಮಟ್ಟ ಇಳಿಯುವುದು ಹಾಳು ಮಾಡುತ್ತವೆ.

ದುಡ್ಡಿನ ಲೆಕ್ಕವನ್ನೂ ಅವನ ಎದುರೇ ಕೂತು ಮಾಡಿದೆ. ಆಯಿಲ್ 400, ಕೂಲಿ ಮತ್ತು ವಾಷರ್ 100, ಒಟ್ಟು 500 ರೂಪಾಯಿ. 3,000 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ 17 ಪೈಸೆ ಆಗುತ್ತದೆ. ಅವನ ಬೈಕ್ ಲೀಟರಿಗೆ 50 ಕೊಡುತ್ತದೆ, ಪೆಟ್ರೋಲ್ ನೂರರ ಮೇಲೆ, ಅಂದರೆ ಕಿಲೋಮೀಟರಿಗೆ ಎರಡು ರೂಪಾಯಿಗಿಂತ ಸ್ವಲ್ಪ ಜಾಸ್ತಿ. ತಿಂಗಳಿಗೆ ಆಯಿಲಿಗೆ 560 ರೂಪಾಯಿ ಬೀಳುತ್ತದೆ. 1,500ಕ್ಕೆ ಬದಲಿಸಿದರೆ 1,120 ರೂಪಾಯಿ. ಜಾಸ್ತಿಯಾಗುವ ಆ 560 ರೂಪಾಯಿ ಅವನಿಗೆ ಸಣ್ಣದಲ್ಲ. ಹಾಗೆಂದು ಬದಲಿಸದೇ ಓಡಿಸಿ, ಸಿಲಿಂಡರ್ ಬೋರ್ ಮಾಡಿ ಪಿಸ್ಟನ್ ಹಾಕುವ ಹೊತ್ತು ಬಂದರೆ ಹೋಗುವುದು ಸಾವಿರಗಳಲ್ಲಿ, ಜೊತೆಗೆ ಬೈಕಿಲ್ಲದೆ ನಾಲ್ಕು ದಿನದ ದುಡಿಮೆಯೂ ಹೋಗುತ್ತದೆ.

3,000 ಎನ್ನುವುದು ಶುರು ಮಾಡುವ ಅಂಕಿ ಮಾತ್ರ. ನಿಮ್ಮ ಬೈಕಿನದ್ದು ನೀವೇ ಕಂಡುಹಿಡಿಯಬಹುದು. ಹೊಸ ಆಯಿಲ್ ಹಾಕಿದ ದಿನ ಮೀಟರ್ ಬರೆದಿಡಿ. ಸಾವಿರಕ್ಕೊಮ್ಮೆ ಕಡ್ಡಿ ನೋಡಿ, ಎಷ್ಟು ಹಾಕಿದಿರಿ ಬರೆಯಿರಿ. ಗೇರ್ ಒರಟಾಗಿದೆ ಎಂದು ಮೊದಲು ಅನಿಸಿದಾಗ ಮೀಟರ್ ಎಷ್ಟಿತ್ತು ಎಂದೂ ಬರೆಯಿರಿ. ಎರಡು ಸಲ ಹೀಗೆ ಮಾಡಿದರೆ ಒಂದು ಅಂಕಿ ಸಿಗುತ್ತದೆ. 3,600ಕ್ಕೆ ಒರಟಾಗುತ್ತದೆ ಎಂದಾದರೆ ಅದಕ್ಕಿಂತ 500–600 ಮೊದಲೇ ಬದಲಿಸಿ. ಆದರೆ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ದಾಟಬೇಡಿ. ವಾರಂಟಿ ಇರುವ ಬೈಕಾದರೆ ಪುಸ್ತಕದ ಸರ್ವಿಸ್‌ಗಳನ್ನು ತಪ್ಪಿಸದೆ ಮಾಡಿಸಿ, ನಡುವಿನ ಆಯಿಲ್ ಚೇಂಜ್‌ಗಳ ಬಿಲ್ ಇಟ್ಟುಕೊಳ್ಳಿ.

ಯಾವ ಆಯಿಲ್ ಎನ್ನುವುದಕ್ಕೆ ಉತ್ತರ ಚಿಕ್ಕದು. ಪುಸ್ತಕದಲ್ಲಿ ಬರೆದ ಅಂಕಿಯದ್ದೇ. ನಮ್ಮದು ಸೆಕೆಯ ಊರು, ದಪ್ಪ ಆಯಿಲ್ ಹಾಕಿ ಎಂದು ಹೇಳುವವರಿದ್ದಾರೆ. 10ಡಬ್ಲ್ಯು-30ಕ್ಕೆ ಮಾಡಿದ ಇಂಜಿನ್ನಿಗೆ 20ಡಬ್ಲ್ಯು-50 ಹಾಕಿದರೆ ಬೆಳಿಗ್ಗೆ ಮೇಲಿನ ಕ್ಯಾಮಿಗೆ ಆಯಿಲ್ ತಲುಪುವುದು ತಡವಾಗುತ್ತದೆ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಅಂಕಿಯ ಜೊತೆ ಬಾಟಲಿಯ ಹಿಂದೆ ಜಾಸೊ ಎಂಎ ಅಥವಾ ಎಂಎ2 ಎಂದು ಇದೆಯಾ ನೋಡಿ. ಜಪಾನಿನ ವಾಹನ ಗುಣಮಟ್ಟ ಸಂಸ್ಥೆಯ ಗುರುತು ಅದು. ಆಯಿಲಿನಲ್ಲಿ ಮುಳುಗಿರುವ ಕ್ಲಚ್ ಜಾರುವುದಿಲ್ಲ ಎಂದು ಪರೀಕ್ಷೆ ಮಾಡಿದ ಆಯಿಲಿಗೆ ಮಾತ್ರ ಅದನ್ನು ಹಾಕುತ್ತಾರೆ. ಕಾರಿನ ಆಯಿಲ್ ಕಡಿಮೆಗೆ ಸಿಗುತ್ತದೆ ಎಂದು ಹಾಕಿದರೆ ಅದರಲ್ಲಿ ಜಾರಿಕೆಗೆಂದೇ ಸೇರಿಸಿದ ವಸ್ತುಗಳು ಇರಬಹುದು. ಆಗ ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಸದ್ದು ಏರುತ್ತದೆ, ಬೈಕ್ ಏರುವುದಿಲ್ಲ. ಪೂರ್ತಿ ಸಿಂಥೆಟಿಕ್ ಆಯಿಲ್ ಬಿಸಿಯನ್ನು ಜಾಸ್ತಿ ತಡೆಯುತ್ತದೆ ನಿಜ. ಆದರೆ ಅದೂ ಸುಟ್ಟು ಇಳಿಯುತ್ತದೆ, ಅದರೊಳಗೂ ಧೂಳು ಸೇರುತ್ತದೆ. 100–125 ಸಿಸಿ ಬೈಕಿಗೆ ದುಬಾರಿ ಆಯಿಲ್ ಹಾಕಿ 8,000 ಓಡಿಸುವುದಕ್ಕಿಂತ ಸಾಧಾರಣ ಒಳ್ಳೆಯ ಆಯಿಲನ್ನು 3,000ಕ್ಕೆ ಬದಲಿಸುವುದು ನನ್ನ ದಾರಿ. ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಆಯಿಲ್ ಮಾತ್ರ ಬೇಡವೇ ಬೇಡ. ಸೀಲ್ ಇರುವ ಬಾಟಲಿ ತಂದು ನಿಮ್ಮ ಎದುರೇ ತೆರೆಸಿ. ಖಾಲಿ ಬಾಟಲಿಯ ಲೇಬಲ್ ಹರಿದು ಬಿಸಾಡಿ, ಮತ್ತೆ ಯಾರೂ ತುಂಬಿಸಿ ಮಾರುವ ಹಾಗೆ ಆಗಬಾರದು.

ಅಳತೆಯಲ್ಲಿ ಒಂದು ತಪ್ಪು ಬಹಳ ಕಡೆ ಆಗುತ್ತದೆ. ಪುಸ್ತಕದಲ್ಲಿ ಎರಡು ಅಂಕಿ ಇರುತ್ತವೆ. ಒಂದು ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಹಾಕುವುದು, ಇನ್ನೊಂದು ಬರೀ ಆಯಿಲ್ ಬದಲಿಸುವಾಗ ಹಾಕುವುದು. ಎರಡನೆಯದು ಕಡಿಮೆ ಇರುತ್ತದೆ, ಯಾಕೆಂದರೆ ಡ್ರೈನ್ ಬೋಲ್ಟ್ ತೆಗೆದರೂ ಸ್ವಲ್ಪ ಹಳೆಯ ಆಯಿಲ್ ಒಳಗೇ ಉಳಿಯುತ್ತದೆ. ಒಂದು ಲೀಟರಿನ ಬಾಟಲಿ ತಂದು ಪೂರ್ತಿ ಸುರಿದರೆ ಮೇಲಿನ ಗೆರೆ ದಾಟುತ್ತದೆ. ಜಾಸ್ತಿಯಾದ ಆಯಿಲನ್ನು ಒಳಗೆ ತಿರುಗುವ ಭಾಗಗಳು ಕಡೆದು ನೊರೆ ಮಾಡುತ್ತವೆ, ಬ್ರೀದರ್ ಮೂಲಕ ಅದು ಏರ್ ಫಿಲ್ಟರ್ ಡಬ್ಬಿಗೆ ಹೋಗುತ್ತದೆ. ಏರ್ ಫಿಲ್ಟರ್ ಆಯಿಲಿನಲ್ಲಿ ನೆನೆದು ಬಂದ ಬೈಕುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆಯೇ ಡ್ರೈನ್ ಬೋಲ್ಟ್ ಕೂರುವುದು ಅಲ್ಯುಮಿನಿಯಂನಲ್ಲಿ. ಹೊಸ ವಾಷರ್ ಹಾಕಿ, ಕೈಯಲ್ಲಿ ಪೂರ್ತಿ ತಿರುಪಿ, ಕೊನೆಗೆ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿದರೆ ಸಾಕು. ತಿಂಗಳಿಗೊಮ್ಮೆ ತೆಗೆದು ಹಾಕುವ ಬೋಲ್ಟ್ ಅದು, ಪ್ರತಿ ಸಲ ಬಲ ಹಾಕಿ ಬಿಗಿದರೆ ವರ್ಷದೊಳಗೆ ಥ್ರೆಡ್ ಕಿತ್ತು ಬರುತ್ತದೆ.

ಇನ್ನು ನಮ್ಮ ಕರಾವಳಿಯ ಎರಡು ವಿಷಯ, ಧೂಳು ಮತ್ತು ನೀರು. ಅನೇಕ 100–125 ಸಿಸಿ ಬೈಕುಗಳಲ್ಲಿ ಕಾರಿನ ಹಾಗೆ ಕಾಗದದ ಆಯಿಲ್ ಫಿಲ್ಟರ್ ಇರುವುದಿಲ್ಲ. ತಳದಲ್ಲಿ ಒಂದು ಜಾಲರಿ ಇರುತ್ತದೆ, ಜೊತೆಗೆ ಕ್ರ್ಯಾಂಕಿನ ತುದಿಯಲ್ಲಿ ತಿರುಗುತ್ತಾ ಭಾರದ ಕಸವನ್ನು ಅಂಚಿಗೆ ತಳ್ಳುವ ಒಂದು ಬಟ್ಟಲು. ರಸ್ತೆ ಅಗೆದಲ್ಲಿ ಏಳುವ ಕೆಂಪು ಧೂಳಿನ ಸಣ್ಣ ಕಣಗಳು ಏರ್ ಫಿಲ್ಟರ್ ದಾಟಿ ಒಳಗೆ ಬಂದರೆ ಅವು ಆಯಿಲಿನಲ್ಲೇ ಸುತ್ತುತ್ತವೆ. ಅದನ್ನು ಹೊರಗೆ ತೆಗೆಯಲು ಆಯಿಲ್ ಬದಲಿಸುವುದೇ ದಾರಿ. ಬೇಸಿಗೆಯಲ್ಲಿ ಅಂಥ ದಾರಿಯಲ್ಲೇ ಓಡಾಡುವವರು ಏರ್ ಫಿಲ್ಟರನ್ನೂ ಬೇಗ ನೋಡಿಸಿಕೊಳ್ಳಬೇಕು, ಆಯಿಲನ್ನು 2,500ಕ್ಕೆ ತರಬೇಕು.

ಮಳೆಗಾಲದ ನೀರಿಗೆ ಕಿಲೋಮೀಟರಿನ ಲೆಕ್ಕವೇ ಇಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದದ್ದು ನೆನಪಿರಬಹುದು. ಆಮೇಲೆ ನಮ್ಮಲ್ಲಿಗೆ ಬಂದ ಬೈಕುಗಳಲ್ಲಿ ಹಲವದರ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಬೆರೆತರೆ ಹಾಗಾಗುತ್ತದೆ. ಇಂಜಿನ್ ಅರ್ಧ ಮುಳುಗುವ ನೀರಿನಲ್ಲಿ ಹೋದ ಮೇಲೆ ಅವತ್ತೇ ಕಡ್ಡಿ ತೆಗೆದು ನೋಡಿ. ಚಹಾದ ಬಣ್ಣ ಕಂಡರೆ ಆ ಆಯಿಲಿನಲ್ಲಿ ಮನೆಗೂ ಓಡಿಸಬೇಡಿ. ಹಾಕಿ ಎರಡೇ ದಿನ ಆಗಿದ್ದರೂ ಬದಲಿಸಲೇಬೇಕು. ಹೊಸ ಆಯಿಲ್ ಹಾಕಿ ಹತ್ತು ನಿಮಿಷ ಓಡಿಸಿದ ಮೇಲೆ ಮತ್ತೆ ಬಣ್ಣ ತಿರುಗಿದರೆ ಇನ್ನೊಮ್ಮೆ ಇಳಿಸಬೇಕು, ಒಳಗೆ ಉಳಿದ ನೀರು ಒಂದೇ ಸಲಕ್ಕೆ ಬರುವುದಿಲ್ಲ. ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದು ಕಡ್ಡಿಯಲ್ಲಿ ಆಯಿಲ್ ಸರಿಯಾಗಿದ್ದರೆ ಅದು ತಣಿದ ಆವಿ, ಒಂದು ದಿನದ ಓಡಾಟಕ್ಕೆ ಹೋಗುತ್ತದೆ.

ಸ್ಕೂಟರಿನಲ್ಲಿ ಡೆಲಿವರಿ ಮಾಡುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅದರ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲ, ಗೇರಿಗೂ ಬೇರೆ ಆಯಿಲ್. ಹಾಗಾಗಿ ಅದಕ್ಕೆ ಜಾಸೊ ಎಂಬಿ ಎಂದು ಬರೆದ ಆಯಿಲ್ ಬರುತ್ತದೆ, ಗೇರಿನ ಹಲ್ಲು ಅದನ್ನು ಅರೆಯುವುದಿಲ್ಲ. ಆದರೆ ಅನೇಕ ಸ್ಕೂಟರುಗಳಲ್ಲಿ ಆಯಿಲ್ ಬೈಕಿಗಿಂತಲೂ ಕಡಿಮೆ ಹಿಡಿಯುತ್ತದೆ, ಮುಕ್ಕಾಲು ಲೀಟರ್‌ಗೂ ಒಳಗೆ. ಸಾವಿರಕ್ಕೆ 50 ಮಿ.ಲೀ. ಹೋದರೂ ಅಲ್ಲಿ ಬೇಗ ತಳ ಕಾಣುತ್ತದೆ. ಸ್ಕೂಟರಿನವರು ಕಡ್ಡಿಯನ್ನು 700–800 ಕಿ.ಮೀ.ಗೇ ನೋಡಬೇಕು. ಹಿಂದಿನ ಚಕ್ರದ ಹತ್ತಿರದ ಗೇರ್ ಆಯಿಲನ್ನೂ ಪುಸ್ತಕ ನೋಡಿ ಬದಲಿಸಬೇಕು, ಅದನ್ನು ಮರೆಯುವವರೇ ಜಾಸ್ತಿ.

ತಿಂಗಳಿಗೊಮ್ಮೆ ಬದಲಿಸಿದರೆ ಒಂದು ಬೈಕಿನಿಂದ ವರ್ಷಕ್ಕೆ ಹತ್ತು–ಹನ್ನೊಂದು ಲೀಟರ್ ಹಳೆಯ ಆಯಿಲ್ ಬರುತ್ತದೆ. ಮನೆಯಲ್ಲೇ ಬದಲಿಸುವವರು ದಯವಿಟ್ಟು ಅದನ್ನು ಅಂಗಳದ ಮೂಲೆಗೆ, ತೋಡಿಗೆ ಸುರಿಯಬೇಡಿ. ನಮ್ಮ ಊರುಗಳಲ್ಲಿ ಪ್ರತಿ ಅಂಗಳಕ್ಕೂ ಒಂದು ಬಾವಿ ಇದೆ, ಮುರಕಲ್ಲಿನ ಮಣ್ಣು ನೀರನ್ನು ಬೇಗ ಕೆಳಗೆ ಬಿಡುತ್ತದೆ. ಹಳೆಯ ಕ್ಯಾನಿನಲ್ಲಿ ತುಂಬಿಸಿ ಗ್ಯಾರೇಜಿಗೆ ತಂದುಕೊಡಿ. ನಾವು ಡ್ರಮ್ಮಿನಲ್ಲಿ ಕೂಡಿಸಿ ಅದನ್ನು ಮರುಬಳಕೆಗೆ ಒಯ್ಯುವವರಿಗೆ ಕೊಡುತ್ತೇವೆ.

ಆ ಹುಡುಗನ ಬೈಕಿಗೆ ಅವತ್ತು 900 ಮಿ.ಲೀ. ಹೊಸ ಆಯಿಲ್ ಹಾಕಿದೆ, ಜಾಲರಿ ತೊಳೆದೆ. ಟೈಗರ್ ಸರ್ಕಲ್ ತನಕ ಹೋಗಿ ಬಂದ. ಗೇರ್ ಮೆತ್ತಗಾಗಿತ್ತು, ನ್ಯೂಟ್ರಲ್ ಒಂದೇ ಸಲಕ್ಕೆ ಬಿತ್ತು. ಕ್ಲಚ್ ಪ್ಲೇಟ್ ಬಿಚ್ಚುವ ಅಗತ್ಯವೇ ಬರಲಿಲ್ಲ. ಆದರೆ ಮೇಲಿನಿಂದ ಬರುತ್ತಿದ್ದ ಟಪ್ಪೆಟ್ ಸದ್ದು ಅಡ್ಜಸ್ಟ್ ಮಾಡಿದ ಮೇಲೂ ಸ್ವಲ್ಪ ಉಳಿಯಿತು. ಕ್ಯಾಮಿನ ಮೈ ಸವೆದಿದೆ, ಅದನ್ನು ಹೊಸ ಆಯಿಲ್ ಸರಿಮಾಡುವುದಿಲ್ಲ ಎಂದು ಅವನಿಗೆ ಹೇಳಿದೆ.

ಮುಂದಿನದನ್ನು ನೆನಪಿಡಲು ಸುಲಭವಾಗಲಿ ಎಂದು ಮೀಟರಿನಲ್ಲಿ ಮೂರರ ಮಗ್ಗಿ ಹಿಡಿದೆವು. 42,000, 45,000, 48,000. ಟ್ಯಾಂಕಿನ ಮುಚ್ಚಳದ ಪಕ್ಕ ಸಣ್ಣ ಸ್ಟಿಕ್ಕರ್ ಅಂಟಿಸಿ ಮಾರ್ಕರಿನಲ್ಲಿ ಬರೆದೆ, ಪೆಟ್ರೋಲ್ ಹಾಕುವಾಗ ಕಣ್ಣಿಗೆ ಬೀಳುತ್ತದೆ. ಮೊನ್ನೆ 45,000ಕ್ಕೆ ಬಂದಿದ್ದ. ನಡುವೆ ಒಮ್ಮೆ 100 ಮಿ.ಲೀ. ಹಾಕಿದ್ದೇನೆ ಎಂದ. ಇಳಿಸಿ ಅಳೆದೆ, 840 ಮಿ.ಲೀ. ಬಂತು. ಜಗ್ಗನ್ನು ಬೆಳಕಿಗೆ ಹಿಡಿದು ಅವನೇ ಎರಡು ಸಲ ನೋಡಿದ. ಸ್ಟಿಕ್ಕರಿನಲ್ಲಿ 45ನ್ನು ಹೊಡೆದು 48 ಎಂದು ತಾನೇ ಬರೆದುಕೊಂಡು ಹೋದ.